ಚೇಣಿ ಬಾಕಿ: ತಮ್ಮ ಬರೆದದ್ದು, ಅಕ್ಕ ತಿದ್ದಿದ್ದು

ತಮ್ಮಾ,

ರಾತ್ರಿ 11 ಗಂಟೆಗೆ ನೀನು ಬರೆದು ಕಳಿಸಿದ್ದನ್ನು ಬೆಳಿಗ್ಗೆ ಎದ್ದ ಕೂಡಲೇ ಓದಿದೆ. ನಮ್ಮ ಹಸಿ ಅಡಿಕೆ ಒಯ್ದು ಒಣಗಿಸಿ ಕೊಡಬೇಕಾದ ಚೇಣಿಯವರಿಗೆ ಇನ್ನೂ ಕಳಿಸಿಲ್ಲ ಅಂದೆಯಲ್ಲ, ಒಳ್ಳೆದಾಯ್ತು. ನಿನ್ನ ಸಿಟ್ಟು ನ್ಯಾಯದ್ದೇ. ಒಂದು ಕ್ವಿಂಟಾಲ್ ಅರವತ್ತು ಕೆಜಿ ರಾಶಿ ಅಡಿಕೆ ಬಾಕಿ ಅಂದರೆ ಸಣ್ಣ ಮಾತಲ್ಲ, ಮಳೆಗಾಲದಲ್ಲಿ ಎರಡು ಸಲ ಔಷಧಿ ಹೊಡೆಸಿ, ಕೊಳೆ ಬಾರದ ಹಾಗೆ ಉಳಿಸಿಕೊಂಡ ಫಸಲು ಅದು. ಆದರೆ ನೀನು ಬರೆದದ್ದು ಹಾಗೇ ಹೋದರೆ ಅವರು ಲೆಕ್ಕದ ಮಾತು ಬಿಟ್ಟು ಮರ್ಯಾದೆಯ ಮಾತು ಹಿಡಿಯುತ್ತಾರೆ. ಆಮೇಲೆ ಅಡಿಕೆ ಎಲ್ಲಿ, ನಾವೆಲ್ಲಿ?

ನೀನು ಬರೆದದ್ದು ಇದು:

"ನಿಮ್ಮ ಮೆಸೇಜು ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಮ್ಮ ಜಗಲಿ ಮೇಲೆ ಕೂತು, ಕಾಫಿ ಕುಡಿದು, ಕ್ವಿಂಟಾಲಿಗೆ ಹನ್ನೆರಡೂವರೆ ಕೆಜಿ ಅಂತ ಒಪ್ಪಿ, ಈಗ ಹತ್ತೇ ಬಿತ್ತು ಅಂತೀರಲ್ಲ, ನಾಚಿಕೆ ಆಗಲ್ವಾ? 64 ಕ್ವಿಂಟಾಲ್ ಹಸಿ ಅಡಿಕೆ ಹೇರಿಕೊಂಡು ಹೋಗಿ 6 ಕ್ವಿಂಟಾಲ್ 40 ಕೆಜಿ ತಂದು ಹಾಕಿದ್ದೀರಿ. ಉಳಿದದ್ದು ಯಾರ ಮನೆ ಅಟ್ಟ ಸೇರಿತು? ಹೋದ ವರ್ಷ 13ರ ಮೇಲೆ ಬಿದ್ದಾಗ ಸುಮ್ನೆ ಇಟ್ಟುಕೊಂಡಿರಿ. ಎಳೆ ಅಡಿಕೆ ಕೊಯ್ದದ್ದು ನಿಮ್ಮ ಕೊನೆಗಾರರೇ, ಈಗ ತಪ್ಪು ನಮ್ಮ ತೋಟದ್ದಾ? ಹಣ್ಣಡಿಕೆ ಬೆರೆಸಿದ್ದೇವೆ ಅಂತ ಬೇರೆ ಹೇಳ್ತೀರಿ. ಅಪ್ಪ ಇದ್ದಿದ್ದರೆ ಹೀಗೆ ಮಾಡೋ ಧೈರ್ಯ ನಿಮಗೆ ಇರ್ತಿರಲಿಲ್ಲ. ಮುಂದಿನ ವರ್ಷ ಈ ಊರಲ್ಲಿ ಒಂದು ಮನೆಯವರೂ ನಿಮಗೆ ಚೇಣಿ ಕೊಡದ ಹಾಗೆ ಮಾಡ್ತೀನಿ."

ಅಪ್ಪನ ಮಾತು ಓದುವಾಗ ನನ್ನ ಕಣ್ಣೂ ಒದ್ದೆಯಾಯ್ತು. ಆದರೆ ಅದನ್ನು ಅವರಿಗೆ ಯಾಕೆ ಬರೆಯಬೇಕು? ಅದು ನನಗೂ ನಿನಗೂ ಇರುವ ಮಾತು. ತೆಗೆದೆ. ಅಟ್ಟದ ಮಾತನ್ನೂ ತೆಗೆದೆ. ಅವರು ಅಡಿಕೆ ಬಚ್ಚಿಟ್ಟದ್ದನ್ನು ನೀನು ನೋಡಿಲ್ಲ, ನಾನೂ ನೋಡಿಲ್ಲ. ಹೋದ ವರ್ಷದ 13 ಕೂಡ ಯಾರೋ ಹೇಳಿದ್ದು. ನಿಜವೇ ಇದ್ದರೂ ಜಾಸ್ತಿ ಬಿದ್ದದ್ದು ಅವರಿಗೇ ಅಂತ ನಾವೇ ಒಪ್ಪಿದ್ದು, ಅಲ್ವಾ? ಹಾಗಾದರೆ ಕಡಿಮೆ ಬಿದ್ದದ್ದೂ ಅವರದ್ದೇ. ನಮ್ಮ ಮಾತಿನ ಗಟ್ಟಿ ಇರುವುದು ಅಲ್ಲೇ. ನಿನ್ನ ಡ್ರಾಫ್ಟಿನಲ್ಲಿ ಅದೇ ಬಿಟ್ಟುಹೋಗಿತ್ತು.

ತೂಕದ ಪುಸ್ತಕದ ಫೋಟೊ ಮೂರನ್ನೂ ದೊಡ್ಡದು ಮಾಡಿ ನೋಡಿದೆ. 22 ಕ್ವಿಂಟಾಲ್ 40, 26 ಕ್ವಿಂಟಾಲ್ 10, 15 ಕ್ವಿಂಟಾಲ್ 50. ಕೂಡಿದರೆ ಸರಿಯಾಗಿ 64. ಮೂರು ಪುಟದಲ್ಲೂ ಅವರ ಸಹಿ ಇದೆ. ಎರಡನೇ ಪುಟದಲ್ಲಿ ಮಾತ್ರ ಚೊಗರಿನ ಕಲೆ ಬಿದ್ದು 26ರ ಮುಂದಿನ 10 ಮಸುಕಾಗಿದೆ. ಯಾರದೋ ಹೆಬ್ಬೆಟ್ಟಿನ ಗುರುತು ಸಹ ಕಾಣುತ್ತದೆ. ಅವರು ನಾಳೆ ಆ ಒಂದು ಅಂಕಿ ಹಿಡಿದುಕೊಂಡು ಜಗ್ಗಬಾರದು. ಅದಕ್ಕೇ ಅವರ ಪುಸ್ತಕದ ಜೊತೆ ತಾಳೆ ನೋಡಿ ಅಂತ ನಾವೇ ಮೊದಲು ಹೇಳುವ ಹಾಗೆ ಬರೆದಿದ್ದೇನೆ.

ಊರಿಗೆಲ್ಲ ಹೇಳ್ತೀನಿ ಅನ್ನುವ ಬದಲು ಚೀಟಿಗೆ ಸಾಕ್ಷಿ ಹಾಕಿದ ಇಬ್ಬರ ಮಾತು ಎತ್ತಿದ್ದೇನೆ. ಅದು ಬೆದರಿಕೆ ಅಲ್ಲ, ಬರೆದುಕೊಂಡ ದಾರಿಯೇ. ಇದನ್ನು ಕಳಿಸು:

"ಅಣ್ಣಾ, ನಮಸ್ಕಾರ.

ಮಾರ್ಚ್ 9ರಂದು ನೀವು ಕಳಿಸಿದ ಮೆಸೇಜು ಓದಿದೆ. ಈ ಸಲ ಕ್ವಿಂಟಾಲ್ ಹಸಿ ಅಡಿಕೆಗೆ 10 ಕೆಜಿಯಷ್ಟೇ ರಾಶಿ ಬಿತ್ತು ಅಂತ ತಿಳಿಸಿದ್ದೀರಿ. ನಮ್ಮ ಲೆಕ್ಕ ಹೀಗಿದೆ.

ಸೆಪ್ಟೆಂಬರ್ 2ರಂದು ನಮ್ಮ ಮನೆಯಲ್ಲಿ ಬರೆದ ಚೀಟಿಯ ಪ್ರಕಾರ, ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ನೀವು ಹನ್ನೆರಡೂವರೆ ಕೆಜಿ ಒಣಗಿದ ರಾಶಿ ಕೊಡಬೇಕು. ಅದಕ್ಕಿಂತ ಹೆಚ್ಚು ಬಿದ್ದರೆ ನಿಮಗೆ, ಕಡಿಮೆ ಬಿದ್ದರೂ ನಿಮ್ಮ ಹೊಣೆ ಅಂತ ಅದರಲ್ಲೇ ಇದೆ.

ಅಕ್ಟೋಬರ್ 18, ನವೆಂಬರ್ 22 ಮತ್ತು ಡಿಸೆಂಬರ್ 29ರ ಮೂರು ಕೊಯ್ಲಿನಲ್ಲಿ ಒಟ್ಟು 64 ಕ್ವಿಂಟಾಲ್ ಹಸಿ ಅಡಿಕೆ ತೂಕವಾಗಿ ನಿಮ್ಮ ಗಾಡಿಗೆ ಹೋಗಿದೆ. ಆ ಲೆಕ್ಕದಲ್ಲಿ ನಮಗೆ ಬರಬೇಕಾದ ರಾಶಿ 8 ಕ್ವಿಂಟಾಲ್. ಫೆಬ್ರವರಿ 20ರಂದು ಬಂದದ್ದು 6 ಕ್ವಿಂಟಾಲ್ 40 ಕೆಜಿ. ಬಾಕಿ 1 ಕ್ವಿಂಟಾಲ್ 60 ಕೆಜಿ.

ಎಳೆ ಅಡಿಕೆ ಜಾಸ್ತಿ ಇತ್ತು ಅಂತ ಬರೆದಿದ್ದೀರಿ. ಮೂರು ಸಲವೂ ನಿಮ್ಮ ಕೊನೆಗಾರರು ತೋಟ ನೋಡಿ ಹೇಳಿದ ದಿನವೇ ಕೊಯ್ಲು ಆಗಿದೆ. ಹಣ್ಣಡಿಕೆ ಮಾತಿಗೆ ಬಂದರೆ, ಮೂರನೇ ಕೊಯ್ಲಿನಲ್ಲಿ ಬಂದ 90 ಕೆಜಿ ಹಣ್ಣನ್ನು ಅಂಗಳದಲ್ಲೇ ಆರಿಸಿ ಬೇರೆ ಇಟ್ಟಿದ್ದೆವು. ಅದು 64 ಕ್ವಿಂಟಾಲಿನಲ್ಲಿ ಸೇರಿಲ್ಲ.

ತೂಕದ ಪುಸ್ತಕದ ಮೂರು ಪುಟಗಳ ಫೋಟೊ ಜೊತೆಗಿದೆ. ಎರಡನೇ ಪುಟದಲ್ಲಿ ಒಂದು ಅಂಕಿ ಮಸುಕಾಗಿದೆ, ನಮ್ಮ ಓದಿನಲ್ಲಿ ಅದು 26 ಕ್ವಿಂಟಾಲ್ 10 ಕೆಜಿ. ದಯವಿಟ್ಟು ನಿಮ್ಮ ಪುಸ್ತಕದ ಜೊತೆ ತಾಳೆ ನೋಡಿ. ವ್ಯತ್ಯಾಸ ಇದ್ದರೆ ಆ ಪುಟದ ಫೋಟೊ ಕಳಿಸಿ, ಕೂತು ಸರಿಮಾಡಿಕೊಳ್ಳೋಣ.

ಬಾಕಿ ರಾಶಿಯನ್ನು ಮಾರ್ಚ್ 25ರ ಒಳಗೆ ತಲುಪಿಸಿ. ಅಡಿಕೆಯೇ ಆಗಬೇಕು ಅಂತಿಲ್ಲ, ದುಡ್ಡು ಕೊಟ್ಟರೂ ಆಗುತ್ತದೆ. ನೀವು ಕೊಡುವ ದಿನಕ್ಕೆ ಹಿಂದಿನ ವ್ಯಾಪಾರದಲ್ಲಿ ಶಿವಮೊಗ್ಗ ಎಪಿಎಂಸಿಯಲ್ಲಿ ರಾಶಿಗೆ ನಡೆದ ಸರಾಸರಿ ದರ ಹಿಡಿಯೋಣ. ಒಂದೇ ಸಲ ಕಷ್ಟವಾದರೆ ಅರ್ಧ 25ಕ್ಕೆ, ಉಳಿದರ್ಧ ಏಪ್ರಿಲ್ 10ಕ್ಕೆ ಕೊಡಿ. ಅದಕ್ಕಿಂತ ಮುಂದೆ ಹಾಕಲು ನಮಗೆ ಆಗುವುದಿಲ್ಲ, ಮೇ ತಿಂಗಳಲ್ಲಿ ಔಷಧಿಯ ಖರ್ಚಿದೆ.

25ರ ಒಳಗೆ ಪೂರ್ತಿಯೋ ಅರ್ಧವೋ ಬರದಿದ್ದರೆ, ಚೀಟಿಗೆ ಸಾಕ್ಷಿ ಹಾಕಿದ ಇಬ್ಬರನ್ನೂ ಕರೆದು, ನಿಮ್ಮ ಪುಸ್ತಕ, ನಮ್ಮ ಪುಸ್ತಕ ಎರಡನ್ನೂ ಇಟ್ಟು ಮಾತಾಡೋಣ. ಮುಂದಿನ ವರ್ಷದ ಚೇಣಿಯ ಮಾತು ಈ ಬಾಕಿ ಮುಗಿದ ಮೇಲೆ.

ಯಾವುದು ಅನುಕೂಲ ಅಂತ ಮಾರ್ಚ್ 15ರೊಳಗೆ ತಿಳಿಸಿ.

ಹೊಸಮನೆಯಿಂದ"

ಹೋದ ವರ್ಷದ 13 ಬಿಟ್ಟರೆ ನಿನ್ನ ಅಂಕಿ ಒಂದನ್ನೂ ನಾನು ಕೈಬಿಟ್ಟಿಲ್ಲ, ಇನ್ನೊಮ್ಮೆ ನೀನೇ ನೋಡು. ಎರಡು ಕಂತಿನ ಮಾತು ನನ್ನದು. ಬೇಡ ಅನಿಸಿದರೆ ಆ ಸಾಲು ತೆಗಿ, ನನಗೇನೂ ಬೇಜಾರಿಲ್ಲ. ಅವರ ಮಗಳ ಮದುವೆ ಈಗಷ್ಟೇ ಆದದ್ದು, ಕೈ ಖಾಲಿ ಇರಬಹುದು ಅಂತ ಹಾಕಿದೆ.

ಕಳಿಸಿದ ಕೂಡಲೇ ಅವರು ಫೋನ್ ಮಾಡಬಹುದು. ಸಿಟ್ಟು ಇನ್ನೂ ಇದ್ದರೆ ಎತ್ತಬೇಡ. "ತೋಟದಲ್ಲಿದ್ದೇನೆ, ಸಂಜೆ ಮಾಡ್ತೀನಿ" ಅಂತ ಒಂದು ಸಾಲು ಹಾಕಿ, ನನಗೆ ಫೋನ್ ಮಾಡು. ಕಳಿಸುವ ಮೊದಲು ಎರಡನೇ ಪುಟವನ್ನು ಜಗಲಿ ಬೆಳಕಿಗೆ ಹಿಡಿದು ಹೊಸ ಫೋಟೊ ತೆಗಿ, ಈಗಿರುವುದರಲ್ಲಿ ನಿನ್ನ ಕೈಯ ನೆರಳು ಬಿದ್ದಿದೆ.

ಅಕ್ಕ