ಮಡಿಕೇರಿ ಚಳಿಗೆ ನಮ್ಮನೆ ಮೆನು: ಶುಕ್ರವಾರ ಸಾಯಂಕಾಲದಿಂದ ಭಾನುವಾರ ಮಧ್ಯಾಹ್ನದವರೆಗೆ, 9 ಜನಕ್ಕೆ

ನಮಸ್ಕಾರ, ಊಟಕ್ಕೆ ಏನೇನ್ ಮಾಡ್ತೀರ ಅಂತ ಫೋನಲ್ಲಿ ಕೇಳಿದ್ರಲ್ಲ, ಪೂರ್ತಿ ಬರ್ದು ಕಳಿಸ್ತಿದೀನಿ. ಮನೇಲಿ ಎಲ್ರಿಗೂ ಒಂದ್ಸಲ ಓದಿ ಹೇಳಿ, ಏನಾದ್ರೂ ಬೇಡ ಅಂದ್ರೆ ಬುಧವಾರದೊಳಗೆ ತಿಳಿಸ್ಬಿಡಿ, ಯಾಕಂದ್ರೆ ಹುರುಳಿ ಗುರುವಾರ ರಾತ್ರಿನೇ ನೆನೆಹಾಕ್ಬೇಕು.

ಜನವರೀಲಿ ಇಲ್ಲಿ ಮಧ್ಯಾಹ್ನ ಬಿಸಿಲು ಚೆನ್ನಾಗೇ ಇರುತ್ತೆ, ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಕೊಂಡು ಓಡಾಡ್ತೀರ. ಚಳಿ ಕಚ್ಚೋದು ಬೆಳಿಗ್ಗೆ 9 ಗಂಟೆವರೆಗೆ, ಆಮೇಲೆ ಹೊತ್ತು ಮುಳುಗಿದ್ಮೇಲೆ. ಮೆನುನೂ ಅದೇ ಲೆಕ್ಕದಲ್ಲಿ ಹಾಕಿದೀನಿ, ಬೆಳಿಗ್ಗೆ ರಾತ್ರಿ ಗಟ್ಟಿ, ಮಧ್ಯಾಹ್ನ ಹಗುರ. ಇನ್ನೊಂದು, ಚಳಿ ಅಂತ ಎಲ್ಲದಕ್ಕೂ ಖಾರ ಸುರಿಯೋ ಅಭ್ಯಾಸ ನಮ್ಮಲ್ಲಿಲ್ಲ. ಒಲೆಯಿಂದ ತಟ್ಟೆಗೆ ಬರೋ ಹೊತ್ತಿಗೆ ಬಿಸಿ ಇದ್ರೆ ಅರ್ಧ ಚಳಿ ಹೋಯ್ತು, ಹಾಗಾಗಿ ದಯವಿಟ್ಟು ಕರೆದ ತಕ್ಷಣ ಬನ್ನಿ.

ಶುಕ್ರವಾರ

ಬಂದ ಕೂಡ್ಲೇ: ಶುಂಠಿ ಬೆಲ್ಲದ ಕಷಾಯ, ಜೊತೆಗೆ ಹುರಿದ ಕಡ್ಲೆಕಾಯಿ

ಕುಶಾಲನಗರ ದಾಟಿದಾಗ ಒಂದು ಫೋನ್ ಮಾಡಿ, ಅಲ್ಲಿಂದ ಇಲ್ಲಿಗೆ ಸುಮಾರು 30 ಕಿಲೋಮೀಟರು, ಅಷ್ಟರಲ್ಲಿ ಕಷಾಯ ಕುದ್ದಿರುತ್ತೆ. ಜಜ್ಜಿದ ಶುಂಠಿ, ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳುಮೆಣಸು ಅಷ್ಟೇ. ಮೆಣಸು ನಮ್ಮ ತೋಟದ ಬಳ್ಳೀದೇ. ಮಕ್ಕಳಿಗೆ ಹಾಲು ಹಾಕಿ ಕೊಡ್ತೀನಿ. ಹಸಿ ಶುಂಠಿ ನೇರ ಹಾಲಿಗೆ ಬಿದ್ರೆ ಒಡ್ದು ಹೋಗುತ್ತೆ, ಮೊದ್ಲು ನೀರಲ್ಲಿ ಚೆನ್ನಾಗಿ ಕುದಿಸಿದ್ರೆ ಏನೂ ಆಗಲ್ಲ. ಬೆಲ್ಲನೂ ಒಲೆ ಆರಿಸಿದ್ಮೇಲೇ ಹಾಕೋದು. ಎಷ್ಟೋ ಜನ ಹಾಲು ಸರಿ ಇಲ್ಲ ಅಂತ ಹಾಲಿನವನಿಗೆ ಬೈತಾರೆ, ಪಾಪ.

ರಾತ್ರಿ 8ಕ್ಕೆ: ರಾಗಿ ಮುದ್ದೆ, ಹುರುಳಿ ಕಟ್ಟಿನ ಸಾರು, ಹುರುಳಿಕಾಳು ಪಲ್ಯ, ಬಿಸಿ ಅನ್ನ, ತುಪ್ಪ

ಇದೇ ನಮ್ಮ ಚಳಿಗಾಲದ ಮುಖ್ಯ ಊಟ. ಹುರುಳಿ ನೆನೆದಿದ್ರೂ ಬೇಯೋಕೆ ಟೈಮ್ ತಗೊಳ್ಳುತ್ತೆ, ಈ ಎತ್ತರದಲ್ಲಿ ನೀರು 96 ಡಿಗ್ರಿ ಆಸುಪಾಸಲ್ಲೇ ಕುದಿಯೋಕೆ ಶುರುವಾಗುತ್ತೆ, ಬರೀ ಪಾತ್ರೇಲಿಟ್ರೆ ಕಾಯ್ತಾ ಕೂರ್ಬೇಕು, ಅದ್ಕೆ ಕುಕ್ಕರಲ್ಲಿ ಊರಿಗಿಂತ ಎರಡು ಸೀಟಿ ಜಾಸ್ತಿ ಕೂಗಿಸ್ತೀವಿ. ಬೇಯಿಸಿದ ನೀರು ಬಸಿದು, ಒಂದು ಹಿಡಿ ಕಾಳು ರುಬ್ಬಿ ಅದಕ್ಕೇ ಸೇರಿಸಿ, ಹುಣಸೆರಸ, ಮೆಣಸು ಜೀರಿಗೆ ಪುಡಿ ಹಾಕಿ ಕುದಿಸಿ, ಕೊನೇಲಿ ಬೆಳ್ಳುಳ್ಳಿ ಒಗ್ಗರಣೆ. ಉಳಿದ ಕಾಳು ಪಲ್ಯಕ್ಕೆ. ಊಟಕ್ಕೆ ಮುಂಚೆ ಇದೇ ಕಟ್ಟು ಲೋಟದಲ್ಲಿ ಸೂಪ್ ಥರ ಕೊಡ್ತೀನಿ, ಅಜ್ಜಿ ಅದನ್ನೇ ಎರಡು ಲೋಟ ಕುಡಿದು ಮುದ್ದೆ ಬೇಡ ಅಂದ್ರೂ ನಂಗೇನು ಬೇಜಾರಿಲ್ಲ.

8 ಗಂಟೆ ಅಂದ್ರೆ 8ಕ್ಕೇ. ಹೋದ ಡಿಸೆಂಬರಲ್ಲಿ ಒಂದು ಗುಂಪು ಬರ್ತೀವಿ ಬರ್ತೀವಿ ಅಂತ ಬೆಂಕಿ ಮುಂದೆ ಹಾಡ್ತಾ ಕೂತು 9.15ಕ್ಕೆ ಬಂದ್ರು, ಅಷ್ಟೊತ್ತಿಗೆ ಮುದ್ದೆ ಮೇಲೆ ಚರ್ಮ ಕಟ್ಟಿ ಒಳಗೆ ಕಲ್ಲಾಗಿತ್ತು, ನಾನೇ ಮುಂಚೆ ತೊಳ್ಸಿಬಿಟ್ಟೆ, ತಪ್ಪು ನಂದೂ ಇತ್ತು. ಈಗ ಎಲ್ರೂ ಕೂತ್ಮೇಲೇ ಹಿಟ್ಟು ತೊಳ್ಸೋದು. ಮುದ್ದೆ ರೂಢಿ ಇಲ್ದೋರು ಅಗಿಯೋಕೆ ಹೋಗ್ಬೇಡಿ, ಸಣ್ಣಗೆ ಮುರ್ದು ಸಾರಲ್ಲಿ ಅದ್ದಿ ನುಂಗೋದು.

ಶನಿವಾರ

ಬೆಳಿಗ್ಗೆ 6.30: ಬೆಲ್ಲದ ಕಾಫಿ. ಹಾಲಿಲ್ಲ, ಕೊಡಗಿನ ಮನೆಗಳಲ್ಲಿ ಕುಡಿಯೋ ಥರ ಕರಿ ಕಾಫಿ. ಹಾಲು ಬೇಕೇ ಬೇಕು ಅನ್ನೋರಿಗೆ ಅದೂ ಇರುತ್ತೆ.

ತಿಂಡಿ: ರಾಗಿ ರೊಟ್ಟಿ, ಕರಿ ಎಳ್ಳಿನ ಚಟ್ನಿಪುಡಿ, ಬೆಣ್ಣೆ, ಜೋನಿ ಬೆಲ್ಲ

ರೊಟ್ಟಿಗೆ ಈರುಳ್ಳಿ, ಸಬ್ಬಸಿಗೆ ಸೊಪ್ಪು, ತುರಿದ ಶುಂಠಿ. ಹಿಟ್ಟು ಬಿಸಿನೀರಲ್ಲಿ ಕಲಸೋದ್ರಿಂದ ಅಂಚು ಅಷ್ಟಾಗಿ ಒಡೆಯಲ್ಲ. ಕರಿ ಎಳ್ಳು ಹುರಿಯುವಾಗ ಬಣ್ಣ ನೋಡಿ ಏನೂ ಗೊತ್ತಾಗಲ್ಲ, ಕಿವಿ ಕೊಡ್ಬೇಕು, ಚಟಪಟ ಅನ್ನೋದು ಜೋರಾಗಿ ಇನ್ನೇನು ಕಮ್ಮಿ ಆಗ್ತಿದೆ ಅನ್ನುವಾಗ ಇಳಿಸ್ಬೇಕು, ಅರ್ಧ ನಿಮಿಷ ಮರೆತ್ರೆ ಕಹಿ. ನಿಮ್ಮ ಚಿಕ್ಕ ಮಗಳಿಗೆ ಎಳ್ಳು ಆಗಲ್ಲ ಅಂದಿದ್ರಿ, ನೆನಪಿದೆ. ಅವಳಿಗೆ ಕಾಯಿ ಚಟ್ನಿ ಬೇರೆ ರುಬ್ತೀನಿ, ರೊಟ್ಟಿನೂ ಬೇರೆ ಕಾವಲಿ ಮೇಲೆ, ಮೂರು ದಿನಾನೂ ಅಡುಗೆಗೆ ಎಳ್ಳೆಣ್ಣೆ ಮುಟ್ಟಲ್ಲ.

ಮಧ್ಯಾಹ್ನ: ಅನ್ನ, ಸೊಪ್ಪಿನ ಸಾರು, ಬೀನ್ಸ್ ಪಲ್ಯ, ಮಜ್ಜಿಗೆ. ಸುತ್ತಾಡೋಕೆ ಹೋಗಿ ಹೊರಗೇ ತಿಂತೀವಿ ಅಂದ್ರೆ ಬೆಳಿಗ್ಗೆನೇ ಹೇಳಿ.

ಸಾಯಂಕಾಲ 6ಕ್ಕೆ: ಸಿಹಿಕುಂಬಳ ಶುಂಠಿ ಸೂಪ್

ಇದು ನಮ್ಮ ಮಗಳು ಕಲಿಸಿದ್ದು, ನಾನು ಮೊದ್ಲು ಸಿಹಿಕುಂಬಳ ಸೂಪಾ ಅಂತ ನಕ್ಕಿದ್ದೆ. ಕುಂಬಳಕಾಯಿ, ಈರುಳ್ಳಿ, ಒಂದೂವರೆ ಇಂಚು ಶುಂಠಿ ಬೇಯಿಸಿ ರುಬ್ಬಿ, ಉಪ್ಪು ಮೆಣಸು ಹಾಕಿ ಕುದಿಸೋದು, ಮೇಲೆ ಹುರಿದ ಬಿಳಿ ಎಳ್ಳು ಒಂದು ಚಿಟಿಕೆ (ಪುಟ್ಟಿ ಬಟ್ಟಲಿಗೆ ಬಿಟ್ಟು). ಕೆನೆಗಿನೆ ಬೇಡ, ಕುಂಬಳ ತಾನೇ ದಪ್ಪ ಆಗುತ್ತೆ. ಬೆಂಕಿ ಹತ್ರ ತಂದು ಕೊಡ್ತೀವಿ.

ರಾತ್ರಿ: ಕಡಂಬುಟ್ಟು ಅನ್ನೋ ಅಕ್ಕಿ ತರಿ ಕಡುಬು, ಕೋಳಿ ಸಾರು. ಸಸ್ಯಾಹಾರಿಗಳಿಗೆ ಹಿತಕಿದ ಅವರೆಕಾಳು ಸಾರು. ಕೊನೇಲಿ ಮೆಣಸಿನ ಸಾರು ಅನ್ನ.

ಅವರೆಕಾಯಿಗೆ ಈಗಲೇ ಕಾಲ, ಸೊಗಡು ಘಮ್ಮಂತಿರುತ್ತೆ. ನೆನೆಸಿದ ಕಾಳಿನ ಸಿಪ್ಪೆ ಒಂದೊಂದೇ ಹಿತಕಿ ತೆಗೀಬೇಕು, ಮಕ್ಕಳು ಕೈ ಹಾಕ್ತೀವಿ ಅಂದ್ರೆ ಸಂತೋಷ, ಕಾಳು ಗೋಡೆಗೆ ಹಾರಿಸೋದು ಮಾತ್ರ ಬೇಡ.

ಮಲಗೋ ಮುಂಚೆ: ರಾಗಿ ಮಾಲ್ಟ್. ಮೊಳಕೆ ಕಟ್ಟಿ ಒಣಗಿಸಿ ಹುರಿದು ಬೀಸಿದ್ದು. ಹಿಟ್ಟನ್ನ ತಣ್ಣೀರಲ್ಲಿ ಕದಡಿ ಆಮೇಲೆ ಕಾಯಿಸ್ತೀವಿ, ಗಂಟಾಗಲ್ಲ. ನಿಮ್ಮ ಮಾವನಿಗೆ ಶುಗರ್ ಇದೆಯಲ್ಲ, ಬೆಲ್ಲ ಆದ್ರೆ ಪರ್ವಾಗಿಲ್ಲ ಅಂತ ಅವ್ರು ಫೋನಲ್ಲಿ ಹೇಳ್ತಿದ್ರು, ಬೆಲ್ಲಕ್ಕೂ ಶುಗರ್ ಏರುತ್ತೆ, ಅವ್ರಿಗೆ ಉಪ್ಪು ಮಜ್ಜಿಗೆ ಹಾಕಿದ ಗಂಜಿ ಮಾಡ್ತೀನಿ, ಬಿಸಿ ಬಿಸಿ. ಮಾವ ಬೈಕೊಂಡ್ರೆ ನನ್ನ ಹೆಸ್ರು ಹೇಳಿ.

ಭಾನುವಾರ

ತಿಂಡಿ 8.30: ನೂಪುಟ್ಟು ಅನ್ನೋ ಅಕ್ಕಿ ಶಾವಿಗೆ, ಬೆಲ್ಲದ ಕಾಯಿಹಾಲು, ಖಾರಕ್ಕೆ ತರಕಾರಿ ಕುರ್ಮ, ಶುಂಠಿ ಟೀ

ಊಟ 12ಕ್ಕೆ, ಬೇಗ: ಚಿತ್ರಾನ್ನ, ಟೊಮೇಟೊ ಬೇಳೆ ಸೂಪ್, ಮೊಸರನ್ನ. ಹೊಟ್ಟೆ ತುಂಬಾ ಹಾಕ್ಕೊಂಡ್ರೆ ಘಾಟಿ ಇಳಿಯುವಾಗ ಮಕ್ಕಳಿಗೆ ವಾಂತಿ ಬರುತ್ತೆ, ಅದ್ಕೇ ಸಿಂಪಲ್ ಇಟ್ಟಿದೀನಿ.

ಕಟ್ಟಿಕೊಡೋದು: ಚಿಗಳಿ, ತಲೆಗೆ ಎರಡು. ಕರಿ ಎಳ್ಳು ಬೆಲ್ಲ ಒರಳಲ್ಲಿ ಕುಟ್ಟಿ, ಎಳ್ಳು ತನ್ನೆಣ್ಣೆ ತಾನೇ ಬಿಟ್ಟಾಗ ಉಂಡೆ ಕಟ್ಟೋದು, ಪಾಕ ಇಲ್ಲ, ತುಪ್ಪ ಇಲ್ಲ. ಪುಟ್ಟಿಗೆ ಕೊಬ್ರಿ ಬೆಲ್ಲದ ಉಂಡೆ ಬೇರೆ ಡಬ್ಬೀಲಿ, ಮುಚ್ಚಳದ ಮೇಲೆ ಅವಳ ಹೆಸರು ಬರ್ದಿರ್ತೀನಿ, ಕಾರಲ್ಲಿ ಎರಡು ಡಬ್ಬಿ ಒಟ್ಟಿಗೆ ಇಡ್ಬೇಡಿ.

ಫ್ಲಾಸ್ಕ್ ಎರಡಿದ್ರೆ ತನ್ನಿ, ಹೊರಡುವಾಗ ಕಷಾಯ ತುಂಬಿ ಕೊಡ್ತೀನಿ, ನಮ್ಮನೇಲಿದ್ದದ್ದು ಹೋದ ವಾರ ಯಾರೋ ಒಡ್ದುಹಾಕಿದಾರೆ.