ಗುಂಡಣ್ಣ ಟೇಬಲ್‌ಟಾಪ್ ಗ್ರೈಂಡರ್: 50 ಸೆಕೆಂಡಿನ ಟಿವಿ ಜಾಹೀರಾತು, ಚಿತ್ರೀಕರಣದ ಪ್ರತಿ

ಸ್ಥಳ: ಅಡುಗೆಮನೆ, ಶನಿವಾರ ಸಂಜೆ. ಪಾತ್ರಗಳು: ಅತ್ತೆ (60), ಸೊಸೆ ಸುಮಾ (30).

ಸಾಮಗ್ರಿ: ಒಂದೇ ಚೀಲದ ಉದ್ದಿನಬೇಳೆ, ಕಾಲು ಕೆಜಿಯ ಎರಡು ಪಾಲು, ಎರಡೂ 4 ಗಂಟೆ ನೆನೆದಿರಲಿ. ಮಿಕ್ಸಿ ಹೊಸದೇ ಬೇಕು. ಮೊಂಡು ಬ್ಲೇಡಿನದು ತಂದು ಗೆಲ್ಲುವುದು ಬೇಡ. ಸ್ಟಿಕ್ಕರ್ ಕಿತ್ತರೆ ಸಾಲದು, ಬಣ್ಣ ಮತ್ತು ಗುಂಡಿಯ ಆಕಾರ ನೋಡಿಯೇ ಜನ ಕಂಪನಿ ಹೇಳುತ್ತಾರೆ. ಕ್ಯಾಮೆರಾ ಜಾರಿನ ಮೇಲಷ್ಟೇ ಇರಲಿ.

ದೃಶ್ಯ 1 (12 ಸೆ.)
ಮಿಕ್ಸಿ ಸದ್ದು ನಿಲ್ಲುತ್ತದೆ. ಸುಮಾ ಜಾರಿನ ಅಂಚಿಗೆ ಮೆತ್ತಿದ ಹಿಟ್ಟು ಬಳಿಯುತ್ತಿದ್ದಾಳೆ.
ಅತ್ತೆ: ಎಷ್ಟನೇ ಸಲಾನೇ ಇದು?
ಸುಮಾ: ಎರಡನೇದು ಅತ್ತೆ, ಇನ್ನೊಂದಿದೆ. (ಜಾರು ಮುಟ್ಟಿ) ಬಿಸಿಯಾಗಿದೆ, ಸ್ವಲ್ಪ ಆರಲಿ.

ದೃಶ್ಯ 2 (18 ಸೆ.)
ಹತ್ತಿರದಿಂದ: ಗುಂಡು ತಿರುಗುತ್ತಿದೆ, ಬಿಳಿ ಹಿಟ್ಟು ಡ್ರಮ್ಮಿನ ಗೋಡೆಗೆ ಏರುತ್ತಿದೆ. ಒಂದು ಕೈ ನೀರು ಚಿಮುಕಿಸುತ್ತದೆ. ಸುಮಾ ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದಾಳೆ.
ಅತ್ತೆ: ಇಡೀ ಬೇಳೆ ಒಂದೇ ಸಲಕ್ಕೆ ಹಾಕ್ಬಿಟ್ಯಾ?
ಸುಮಾ: ಹ್ಞೂಂ. ಆಗಾಗ ನೀರು ಚಿಮುಕಿಸಿದ್ರಾಯ್ತು.
ಅತ್ತೆ: ಮಿಕ್ಸಿಲಿ ಬೇಗ ಆಗ್ತಿತ್ತಲ್ಲೇ?
ಸುಮಾ: ಆಗ್ತಿತ್ತು. ಇದಕ್ಕೆ ಅರ್ಧ ಗಂಟೆ ಬೇಕು. ಆದ್ರೆ ಅಷ್ಟೂ ಹೊತ್ತು ಜಾರು ಹಿಡ್ಕೊಂಡು ನಿಲ್ಲೋದು ಬೇಡ.
ಅತ್ತೆ: ತೊಳೆಯೋವಾಗ ಆ ಗುಂಡು ಎತ್ತಬೇಕಲ್ಲ!
ಸುಮಾ: (ನಕ್ಕು) ಅದೊಂದು ಎತ್ತಲೇಬೇಕು.

ಈ ಕೊನೆಯ ಎರಡು ಸಾಲು ಕತ್ತರಿಸಬೇಡಿ. ಗ್ರೈಂಡರ್ ಇಟ್ಟುಕೊಂಡವರಿಗೆಲ್ಲ ಗುಂಡಿನ ತೂಕ ಗೊತ್ತು, ಮುಚ್ಚಿಟ್ಟರೆ ಉಳಿದ ಮಾತೂ ನಂಬುವುದಿಲ್ಲ.

ದೃಶ್ಯ 3 (8 ಸೆ.)
ಅತ್ತೆ ಬಟಾಣಿಯಷ್ಟು ಹಿಟ್ಟನ್ನು ನೀರಿನ ಬಟ್ಟಲಿಗೆ ಬಿಡುತ್ತಾರೆ. ಅದು ತೇಲುತ್ತದೆ.
ಅತ್ತೆ: ತೇಲ್ತು ನೋಡು. ರವೆ ಸೇರಿಸು ಇನ್ನು.

ಒಂದೇ ಶಾಟ್, ನಡುವೆ ಕಟ್ ಇಲ್ಲ. ಮಿಕ್ಸಿ ಹಿಟ್ಟು ಮುಳುಗುವಂತೆ ತೋರಿಸಕೂಡದು: ತಣ್ಣೀರು ಹಾಕಿ, ಬಿಟ್ಟು ಬಿಟ್ಟು ರುಬ್ಬಿದರೆ ಅದೂ ತೇಲುತ್ತದೆ. ನಮ್ಮ ವಾದ ಸಲಗಳ ಲೆಕ್ಕ ಮತ್ತು ಜಾರಿನ ಬಿಸಿಯದ್ದು, ಅಷ್ಟೇ.

ದೃಶ್ಯ 4 (12 ಸೆ.)
ಕಟ್ಟೆಯ ಮೇಲೆ ಗ್ರೈಂಡರ್, ಪಕ್ಕದಲ್ಲಿ ಚಟ್ನಿ ತುಂಬಿದ ಮಿಕ್ಸಿ ಜಾರು.
ನಿರೂಪಕ: ಚಟ್ನಿಗೆ, ಮಸಾಲೆಗೆ ಮಿಕ್ಸಿಯೇ ಸರಿ. ಮನೆಮಂದಿಗೆಲ್ಲ ಆಗುವಷ್ಟು ಇಡ್ಲಿ ಹಿಟ್ಟು ಒಂದೇ ಸಲಕ್ಕೆ ಬೇಕಿದ್ದರೆ, ಗುಂಡಣ್ಣ. 2 ಲೀಟರ್ ಡ್ರಮ್ಮು, ಕಲ್ಲಿನ ಗುಂಡು.

ಪರದೆಯ ಬರಹ, ಕನಿಷ್ಠ 5 ಸೆಕೆಂಡು: ಹೋಲಿಕೆ 1.5 ಲೀಟರ್ ಜಾರಿನ ಮನೆಬಳಕೆಯ ಮಿಕ್ಸಿಯೊಂದಿಗೆ. ಕಾಲು ಕೆಜಿ ಉದ್ದಿನಬೇಳೆ, 4 ಗಂಟೆ ನೆನೆಸಿದ್ದು. ಬೇಳೆ, ನೀರಿನಂತೆ ಸಮಯ ಬದಲಾಗಬಹುದು.

‘ಮಿಕ್ಸಿಯಲ್ಲಿ ರುಬ್ಬಿದರೆ ಸತ್ವ ಹೋಗುತ್ತದೆ’ ಎಂಬ ಹಿಂದಿನ ಕರಡಿನ ಸಾಲು ತೆಗೆದಿದೆ. ಆಧಾರ ಕೇಳಿದರೆ ತೋರಿಸಲು ನಮ್ಮಲ್ಲಿ ಏನೂ ಇಲ್ಲ.