‘ಗಾಡಿ ಸಿಗುತ್ತಾ ಅಂತ’: ಒಂದು ವಾಟ್ಸಾಪ್ ಮಾತುಕತೆಯ ವಿಶ್ಲೇಷಣೆ

ಎಂ.ಎ. ಭಾಷಾವಿಜ್ಞಾನ, ಸಂಭಾಷಣಾ ವಿಶ್ಲೇಷಣೆ, ಕಿರು ನಿಯೋಜಿತ ಕಾರ್ಯ

ಪಲ್ಲವಿ (ಪ) ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಕೋಣೆಯವಳು, ಎಂ.ಎ. ಎರಡನೇ ವರ್ಷ. ದೀಪಾ (ದೀ) ಸಂಶೋಧನಾ ವಿದ್ಯಾರ್ಥಿನಿ, ಅವಳಿಗಿಂತ ಐದು ವರ್ಷ ದೊಡ್ಡವರು. ಇಬ್ಬರ ಒಪ್ಪಿಗೆ ಪಡೆದು ಹೆಸರು ಬದಲಿಸಿದ್ದೇನೆ.

1 ಪ (8:42) ಅಕ್ಕಾ ಊಟ ಆಯ್ತಾ
2 ದೀ (8:42) ಆಯ್ತು ಕಣೆ. ನಿಂದು?
3 ಪ (8:43) ಆಯ್ತು ಅಕ್ಕ. ಇವತ್ತು ಮೆಸ್ಸಲ್ಲಿ ಬಿಸಿಬೇಳೆಬಾತ್
4 ದೀ (8:43) ಓ ಸೂಪರ್. ಮತ್ತೆ?
5 ಪ (8:44) ಏನಿಲ್ಲ ಅಕ್ಕ
6 ಪ (8:44) ಶನಿವಾರ ಊರಿಗೆ ಹೋಗ್ತಿದ್ದೀರಾ
7 ದೀ (8:45) ಇಲ್ವಲ್ಲ. ಯಾಕೆ?
8 ಪ (8:46) ನಂಜನಗೂಡಿಗೆ ಹೋಗೋದಿತ್ತು. ನಿಮಗೆ ಬೇಕಾಗಿಲ್ಲ ಅಂದ್ರೆ ಗಾಡಿ ಸಿಗುತ್ತಾ ಅಂತ
9 ದೀ (8:53) ಅಯ್ಯೋ ಶನಿವಾರಾನಾ
10 ದೀ (8:53) ಸರ್ವಿಸ್‌ಗೆ ಬಿಡ್ಬೇಕು ಅಂತಿದ್ದೆ ಕಣೆ. ಭಾನುವಾರ ಆದ್ರೆ ತಗೊಂಡು ಹೋಗು
11 ಪ (8:53) ಅಯ್ಯೋ ಪರ್ವಾಗಿಲ್ಲ ಅಕ್ಕ, ಬಸ್ಸಲ್ಲಿ ಹೋಗ್ತೀನಿ
12 ಪ (8:54) ಅಂದ್ಹಾಗೆ ನಿಮ್ಮ ಸೆಮಿನಾರ್ ಯಾವಾಗ
13 ದೀ (8:54) ಬುಧವಾರ. ಬರ್ತೀಯ ತಾನೆ
14 ಪ (8:55) ಬರದೇ ಇರ್ತೀನಾ. ಮಲ್ಕೊಳ್ಳಿ ಅಕ್ಕ, ಗುಡ್ ನೈಟ್

ಸ್ಯಾಕ್ಸ್, ಶೆಗ್ಲಾಫ್ ಮತ್ತು ಜೆಫರ್ಸನ್ 1974ರಲ್ಲಿ ಸರದಿಯ ನಿಯಮಗಳನ್ನು ಕಂಡುಕೊಂಡದ್ದು ಬಾಯಿಮಾತಿನಲ್ಲಿ. ಒಬ್ಬರ ಸರದಿ ಎಲ್ಲಿ ಮುಗಿಯಬಹುದು ಎಂದು ಇನ್ನೊಬ್ಬರು ಊಹಿಸಿ ಮಾತು ಎತ್ತಿಕೊಳ್ಳುತ್ತಾರೆ. ಚಾಟಿನಲ್ಲಿ ಕಳುಹಿಸುವ ಗುಂಡಿ ಒತ್ತಿದ ಮಾತ್ರಕ್ಕೆ ಸರದಿ ಮುಗಿಯುವುದಿಲ್ಲ. 5ರಲ್ಲಿ ‘ಏನಿಲ್ಲ’ ಎಂದವಳು ಅದೇ ನಿಮಿಷದಲ್ಲಿ 6ನ್ನು ಕಳಿಸಿದ್ದಾಳೆ. ಎರಡು ಸಂದೇಶ, ಒಂದೇ ಸರದಿ.

ಈ ಸರದಿಯನ್ನು ಕೊಟ್ಟದ್ದು 4ನೇ ಸಾಲಿನ ‘ಮತ್ತೆ?’. ಊಟದ ವಿಚಾರಣೆ ಮುಗಿಯಿತು, ಬಂದ ಕಾರಣ ಹೇಳು ಎನ್ನುವುದನ್ನು ಕನ್ನಡ ಈ ಒಂದು ಪದದಲ್ಲಿ ಮುಗಿಸುತ್ತದೆ. ವಿಷಯ ಬದಲಾಗುವುದು ಇಲ್ಲೇ, ಅದೂ ಕೇಳಬೇಕಾದವಳಿಂದಲ್ಲ, ಕೊಡಬೇಕಾದವರಿಂದ. ‘ಊಟ ಆಯ್ತಾ’ ಎಂಬ ಮಾತು ನಮ್ಮಲ್ಲಿ ಬಾಗಿಲು ತಟ್ಟಿದಂತೆ ಎಂದು ದೀಪಾಗೂ ಗೊತ್ತು. 6 ಕೂಡ ನಿಜವಾಗಿ ಊರಿನ ಪ್ರಶ್ನೆಯಲ್ಲ, ಕೋರಿಕೆಗೆ ಮುನ್ನ ನೆಲ ಗಟ್ಟಿಯಿದೆಯೇ ಎಂದು ನೋಡುವ ಹೆಜ್ಜೆ. ‘ಯಾಕೆ?’ ಎಂದು ದೀಪಾ ದಾರಿ ಬಿಟ್ಟುಕೊಡುತ್ತಾರೆ.

8ನೇ ಸಾಲಿನಲ್ಲಿ ಸ್ವಲ್ಪ ನಿಲ್ಲಬೇಕು. ಬ್ರೌನ್ ಮತ್ತು ಲೆವಿನ್ಸನ್ ಹೇಳುವಂತೆ ಕೋರಿಕೆ ಎದುರಿನವರ ಸ್ವಾತಂತ್ರ್ಯಕ್ಕೆ ಕೈ ಹಾಕುತ್ತದೆ, ಆದ್ದರಿಂದ ಅದನ್ನು ಮೆದುಗೊಳಿಸುತ್ತೇವೆ. ಪಲ್ಲವಿ ಮೂರು ಕಡೆ ಮೆದುಗೊಳಿಸಿದ್ದಾಳೆ. ‘ಹೋಗೋದಿತ್ತು’ ಎಂದು ಮುಂದಿನ ಕೆಲಸವನ್ನು ಭೂತಕಾಲಕ್ಕೆ ತಳ್ಳಿದ್ದಾಳೆ. ‘ನಿಮಗೆ ಬೇಕಾಗಿಲ್ಲ ಅಂದ್ರೆ’ ಎಂದು ನಿರಾಕರಣೆಯ ಕಾರಣವನ್ನು ತಾನೇ ಒದಗಿಸಿದ್ದಾಳೆ. ಕೊನೆಗೆ ‘ಅಂತ’ ಎಂದು ನಿಲ್ಲಿಸಿ, ‘ಕೇಳಿದೆ’ ಎಂಬ ಕ್ರಿಯಾಪದವನ್ನು ನುಂಗಿದ್ದಾಳೆ. ‘ಕೊಡ್ತೀರಾ’ ಎಂದಿಲ್ಲ, ‘ಸಿಗುತ್ತಾ’ ಎಂದಿದ್ದಾಳೆ. ವಾಕ್ಯದಲ್ಲಿ ಕೊಡುವವರೂ ಇಲ್ಲ, ಕೇಳುವವಳೂ ಇಲ್ಲ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಆ ಸಾಲಿನಲ್ಲಿ ಇಲ್ಲದ ಪದ. ಪಲ್ಲವಿ ಇಡೀ ಮಾತುಕತೆಯಲ್ಲಿ ಐದು ಸಲ ‘ಅಕ್ಕ’ ಎಂದಿದ್ದಾಳೆ. ಆದರೆ ಕೋರಿಕೆಯ 8ರಲ್ಲಾಗಲಿ, ಅದಕ್ಕೆ ಸಿದ್ಧಮಾಡುವ 6ರಲ್ಲಾಗಲಿ ಆ ಪದವಿಲ್ಲ. ಬ್ರೌನ್–ಲೆವಿನ್ಸನ್ ಚೌಕಟ್ಟಿನಲ್ಲಿ ಇಂಥ ಸಂಬಂಧವಾಚಕ ಆಪ್ತತೆಯನ್ನು ತೋರುವ ಉಪಾಯ, ಕೋರಿಕೆಯ ಪಕ್ಕದಲ್ಲಿ ಇರಬೇಕಾದದ್ದು. ನನಗೆ ಹಾಗನ್ನಿಸುವುದಿಲ್ಲ. ‘ಗಾಡಿ ಕೊಡಿ ಅಕ್ಕ’ ಎಂದರೆ ಸಂಬಂಧವನ್ನೇ ಪಣಕ್ಕಿಟ್ಟಂತೆ, ಇಲ್ಲ ಎನ್ನಲು ಕಷ್ಟ. ಪಲ್ಲವಿ ಆ ಒತ್ತಾಯವನ್ನು ಹಿಂತೆಗೆದುಕೊಂಡು, ನಿರಾಕರಣೆ ಬಂದ ಮೇಲೆ 11ರಲ್ಲಿ ‘ಪರ್ವಾಗಿಲ್ಲ ಅಕ್ಕ’ ಎಂದು ಆ ಪದವನ್ನು ಮತ್ತೆ ಕೊಟ್ಟಿದ್ದಾಳೆ. 12ರಲ್ಲೂ ಅಕ್ಕ ಇಲ್ಲವೆನ್ನುವುದು ನಿಜ. ಒಂದೇ ಚಾಟಿನಿಂದ ನಿಯಮ ಕಟ್ಟಲಾಗದು, ಆದರೂ ಈ ಓದನ್ನು ಬಿಡಲು ನನಗೆ ಮನಸ್ಸಿಲ್ಲ.

8 ಮತ್ತು 9ರ ನಡುವೆ ಏಳು ನಿಮಿಷ. ಅಲ್ಲಿಯವರೆಗೆ ಯಾವ ಉತ್ತರವೂ ಒಂದು ನಿಮಿಷ ದಾಟಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ. ‘ಟೈಪಿಂಗ್’ ಎಂದು ಎರಡು ಸಲ ಬಂದು ಮಾಯವಾಯಿತು. ಒಪ್ಪಿಗೆ ಬೇಗ ಬರುತ್ತದೆ, ನಿರಾಕರಣೆ ತಡೆದು, ಕಾರಣ ಹೊತ್ತು ಬರುತ್ತದೆ ಎಂಬ ಸಂಭಾಷಣಾ ವಿಶ್ಲೇಷಣೆಯ ಮಾತು ಪರದೆಯ ಮೇಲೆ ಕಾಣಿಸಿದ್ದು ಹೀಗೆ. 7ರಲ್ಲಿ ‘ಇಲ್ವಲ್ಲ’ ಎಂದು ಸಲೀಸಾಗಿ ಅಂದವರು, ನಿಜಕ್ಕೂ ಇಲ್ಲ ಎನ್ನಬೇಕಾದ 10ರಲ್ಲಿ ಆ ಪದವನ್ನೇ ಬಳಸಿಲ್ಲ. ‘ಅಯ್ಯೋ’, ಕಾರಣ, ‘ಕಣೆ’, ಭಾನುವಾರದ ಬದಲಿ ಇಷ್ಟರಿಂದ ಕೆಲಸ ಮುಗಿಸಿದ್ದಾರೆ.

ಪಲ್ಲವಿ ಭಾನುವಾರವನ್ನು ಒಪ್ಪಿಕೊಂಡೂ ಇಲ್ಲ, ಬೇಡವೆಂದೂ ಇಲ್ಲ. ‘ಅಂದ್ಹಾಗೆ’ ಎಂದು ದೀಪಾರ ಸೆಮಿನಾರಿಗೆ ಮಾತು ತಿರುಗಿಸಿದ್ದಾಳೆ. ಇಬ್ಬರಿಗೂ ಮುಖಭಂಗ ಆಗದ ಜಾಗವದು. ಜೊತೆಗೆ ಈಗ ಕೇಳುವ ಸರದಿ ದೀಪಾರದು. ‘ಬರ್ತೀಯ ತಾನೆ’ ಎಂಬ ಕೋರಿಕೆಗೆ ಒಂದೇ ನಿಮಿಷದಲ್ಲಿ, ಯಾವ ಕಾರಣವೂ ಇಲ್ಲದೆ ಒಪ್ಪಿಗೆ ಬಂದಿದೆ.

ಮುಕ್ತಾಯಕ್ಕೆ ಮೊದಲು ಬರುವ ‘ಸರಿ ಮತ್ತೆ’ ಇಲ್ಲಿಲ್ಲ. ‘ಮಲ್ಕೊಳ್ಳಿ ಅಕ್ಕ’ ಎಂಬ ಕಾಳಜಿಯೇ ಆ ಕೆಲಸ ಮಾಡಿದೆ. ದೀಪಾ ಇದಕ್ಕೆ ಉತ್ತರಿಸಲಿಲ್ಲ, ನೀಲಿ ಗೆರೆಗಳು ಮಾತ್ರ ಬಂದವು. ಎದುರಿಗೆ ನಿಂತು ಮಾತಾಡಿದ್ದರೆ ಈ ಮೌನ ಒರಟಾಗುತ್ತಿತ್ತು. ಪಲ್ಲವಿ ಅದನ್ನು ನೋಡಿ ಫೋನು ಚಾರ್ಜಿಗೆ ಹಾಕಿ ಮಲಗಿದಳು.